ಡಾಲರಿನಲ್ಲಿ ಪಾವತಿಸುವುದೋ, ನಮ್ಮ ಕರೆನ್ಸಿಯಲ್ಲೋ? ಫಾರ್ವರ್ಡಿಂಗ್ ವಿಳಾಸ ಕೊಟ್ಟರೆ ಖರೀದಿದಾರರ ರಕ್ಷಣೆ ಉಳಿಯುತ್ತದೆಯೇ?

ನೀಲಿಶಾಯಿ

ಅಮೆರಿಕದ ಒಂದು ಮಾರಾಟ ತಾಣದಲ್ಲಿ ಬಳಸಿದ ಕ್ಯಾಮೆರಾ ಲೆನ್ಸ್ ಒಂದನ್ನು ನೋಡಿಟ್ಟಿದ್ದೇನೆ. ಬೆಲೆ 400 ಡಾಲರ್. ಮಾರಾಟಗಾರರು ತಮ್ಮ ದೇಶದ ಹೊರಗೆ ಕಳುಹಿಸುವುದಿಲ್ಲವಾದ್ದರಿಂದ, ಒರೆಗಾನ್ ರಾಜ್ಯದಲ್ಲಿ ಗೋದಾಮು ಇಟ್ಟಿರುವ ಒಂದು ಪಾರ್ಸೆಲ್ ಫಾರ್ವರ್ಡಿಂಗ್ ಸೇವೆಯಲ್ಲಿ ಖಾತೆ ತೆರೆದಿದ್ದೇನೆ. ಇನ್ನೂ ಹಣ ಕಟ್ಟಿಲ್ಲ.

ಎರಡು ವಿಷಯಗಳಲ್ಲಿ ಗೊಂದಲವಿದೆ. ಪಾವತಿ ಪುಟದಲ್ಲಿ ತಾಣವು 400 ಡಾಲರ್ ಎಂಬ ಆಯ್ಕೆಯ ಜೊತೆಗೆ, ನನ್ನ ಕರೆನ್ಸಿಯಲ್ಲಿ 4,200 ಎಂಬ ಇನ್ನೊಂದು ಆಯ್ಕೆಯನ್ನೂ ತೋರಿಸಿ, "ದರ ಖಾತರಿ" ಎಂದು ಬರೆದಿದೆ. (ನಾವೆಲ್ಲ ಬೇರೆ ಬೇರೆ ದೇಶಗಳಲ್ಲಿರುವುದರಿಂದ, ಲೆಕ್ಕ ಸುಲಭವಾಗಲೆಂದು 1 ಡಾಲರಿಗೆ 10 ಎಂದು ಇಟ್ಟುಕೊಂಡು ಅಂಕಿಗಳನ್ನು ಬದಲಿಸಿ ಬರೆದಿದ್ದೇನೆ.) ಇವೆರಡರಲ್ಲಿ ಯಾವುದನ್ನು ಆರಿಸಬೇಕು? ಎರಡನೆಯದಾಗಿ, ಲೆನ್ಸ್ ನೇರವಾಗಿ ನನಗೆ ಬಾರದೆ ಗೋದಾಮಿಗೆ ಹೋಗುವುದರಿಂದ, ಏನಾದರೂ ಎಡವಟ್ಟಾದರೆ ಹಣ ವಾಪಸು ಕೇಳುವ ಹಕ್ಕು ನನಗೆ ಇರುತ್ತದೆಯೇ?

ಮಂದಾನಿಲ

ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಸರಳವಾಗಿದೆ. ನಿಮ್ಮ ಕರೆನ್ಸಿಯನ್ನೇ ಆರಿಸಿ. ಎಷ್ಟು ಹಣ ಹೋಗುತ್ತದೆ ಎಂಬುದು ಮೊದಲೇ ಖಚಿತವಾಗಿರುತ್ತದೆ ಮತ್ತು ಪರಿವರ್ತನೆಯೇ ಇಲ್ಲದಿರುವುದರಿಂದ ಬ್ಯಾಂಕು ವಿದೇಶಿ ವಹಿವಾಟಿನ ಶುಲ್ಕ ಹಾಕುವ ಪ್ರಶ್ನೆಯೂ ಬರುವುದಿಲ್ಲ. ಡಾಲರ್ ಆರಿಸಿದರೆ ತಿಂಗಳ ಕೊನೆಯಲ್ಲಿ ಸ್ಟೇಟ್‌ಮೆಂಟ್ ಬಂದಾಗಲೇ ನಿಜವಾದ ಮೊತ್ತ ತಿಳಿಯುವುದು.

ಜಮಾಖರ್ಚು

ಮಂದಾನಿಲ ಅವರೇ, ಮೊತ್ತ ಖಚಿತವಾಗಿರುತ್ತದೆ ಎಂಬುದು ನಿಜ. ಶುಲ್ಕ ಬೀಳುವುದಿಲ್ಲ ಎಂಬುದು ಮಾತ್ರ ಎಲ್ಲ ಬ್ಯಾಂಕುಗಳ ವಿಷಯದಲ್ಲಿ ನಿಜವಲ್ಲ. ಪರಿವರ್ತನೆ ಇಲ್ಲವೆಂದು ನೀವು ಹೇಳುತ್ತೀರಿ, ಆದರೆ ಪರಿವರ್ತನೆ ಅಲ್ಲಿಯೂ ಆಗುತ್ತದೆ. ಅದನ್ನು ನಿಮ್ಮ ಬ್ಯಾಂಕಿನ ಬದಲು ಮಾರಾಟಗಾರರ ಕಡೆಯ ಪಾವತಿ ಸಂಸ್ಥೆ ಮಾಡುತ್ತದೆ ಮತ್ತು ತನ್ನ ಲಾಭವನ್ನು ದರದೊಳಗೇ ಸೇರಿಸಿಬಿಡುತ್ತದೆ.

ನೀಲಿಶಾಯಿ ಅವರು ಕೊಟ್ಟ ಅಂಕಿಗಳನ್ನೇ ತೆಗೆದುಕೊಳ್ಳೋಣ. 4,200 ಅನ್ನು 400ರಿಂದ ಭಾಗಿಸಿದರೆ ತಾಣವು 1 ಡಾಲರಿಗೆ 10.50 ದರ ಹಾಕಿರುವುದು ಕಾಣುತ್ತದೆ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎರಡೂ ತಮ್ಮ ತಾಣಗಳಲ್ಲಿ ದಿನದಿನದ ವಿನಿಮಯ ದರವನ್ನು ಲೆಕ್ಕ ಹಾಕಿ ತೋರಿಸುವ ಪುಟವನ್ನು ಇಟ್ಟಿವೆ. ಅಲ್ಲಿ 10 ಎಂದಿದ್ದರೆ, "ಖಾತರಿ" ಎಂಬ ಮಾತಿಗೆ ನೀವು ಕೊಡುತ್ತಿರುವ ಬೆಲೆ ಶೇ. 5. ಡಾಲರ್ ಆರಿಸಿದರೆ ಕಾರ್ಡ್ ಜಾಲದ ದರದಲ್ಲಿ 4,000 ಆಗುತ್ತದೆ ಮತ್ತು ಅದರ ಮೇಲೆ ನಿಮ್ಮ ಬ್ಯಾಂಕಿನ ಮಾರ್ಕಪ್ ಸೇರುತ್ತದೆ. ನಿಮ್ಮ ಬ್ಯಾಂಕಿನ ಶುಲ್ಕ ಎಷ್ಟೆಂದು ನೋಡಿದ್ದೀರಾ?

ನೀಲಿಶಾಯಿ

ನೋಡಿದೆ. ವಿದೇಶಿ ಕರೆನ್ಸಿಯ ವಹಿವಾಟಿಗೆ ಶೇ. 2 ಎಂದಿದೆ. ಅದರ ಕೆಳಗಿನ ಸಾಲಿನಲ್ಲಿ, ವಿದೇಶದಲ್ಲಿ ನೋಂದಣಿಯಾದ ವ್ಯಾಪಾರಿಗೆ ಸ್ವಂತ ಕರೆನ್ಸಿಯಲ್ಲಿ ಪಾವತಿಸಿದರೂ ಅದೇ ಶುಲ್ಕ ಅನ್ವಯಿಸುತ್ತದೆ ಎಂದು ಬರೆದಿದೆ. ಇದು ನನಗೆ ಅರ್ಥವಾಗಲಿಲ್ಲ.

ಜಮಾಖರ್ಚು

ನಿಮ್ಮ ಪ್ರಶ್ನೆಗೆ ಉತ್ತರ ಆ ಎರಡನೆಯ ಸಾಲಿನಲ್ಲೇ ಇದೆ. ಅನೇಕ ಬ್ಯಾಂಕುಗಳು ಶುಲ್ಕ ಹಾಕುವಾಗ ಕರೆನ್ಸಿಯನ್ನಷ್ಟೇ ನೋಡದೆ, ವ್ಯಾಪಾರಿಯ ಪಾವತಿ ಖಾತೆ ಯಾವ ದೇಶದಲ್ಲಿದೆ ಎಂಬುದನ್ನೂ ನೋಡುತ್ತವೆ. ಹಾಗಾಗಿ ಡಾಲರಿನಲ್ಲಿ ಕಟ್ಟಿದರೆ ನಿಮಗೆ ಬೀಳುವುದು 4,080. ನಿಮ್ಮ ಕರೆನ್ಸಿಯಲ್ಲಿ ಕಟ್ಟಿದರೆ 4,200ರ ಮೇಲೆ ಮತ್ತೆ ಶೇ. 2 ಸೇರಿ 4,284. ಒಂದೇ ಲೆನ್ಸಿಗೆ 204 ಹೆಚ್ಚು. ಒಂದೇ ವಹಿವಾಟಿನಲ್ಲಿ ತಾಣ ಒಮ್ಮೆ, ಬ್ಯಾಂಕು ಒಮ್ಮೆ ನಿಮ್ಮಿಂದ ವಸೂಲಿ ಮಾಡಿದಂತಾಯಿತು.

ಮಂದಾನಿಲ

ನನ್ನ ಬ್ಯಾಂಕು ಸ್ವಂತ ಕರೆನ್ಸಿಯ ವಹಿವಾಟಿಗೆ ಶುಲ್ಕ ಹಾಕುವುದಿಲ್ಲ, ವಿದೇಶಿ ಕರೆನ್ಸಿಗಾದರೆ ಶೇ. 3.5 ಹಾಕುತ್ತದೆ. ನನ್ನ ಅನುಭವದಿಂದ ಹೇಳಿದ್ದೇ ಹೊರತು ಊಹೆಯಿಂದಲ್ಲ.

ಜಮಾಖರ್ಚು

ಒಪ್ಪುತ್ತೇನೆ. ಹಾಗಿದ್ದರೂ ಈ ಲೆನ್ಸಿಗೆ ನಿಮ್ಮ ಕಾರ್ಡಿನಲ್ಲಿ ಡಾಲರ್ ಆರಿಸಿದರೆ 4,140, ತಾಣದ ಪರಿವರ್ತನೆ ಆರಿಸಿದರೆ 4,200. ತಾಣ ಹಾಕುವ ಲಾಭವು ಶೇ. 3.5ಕ್ಕಿಂತ ಕಡಿಮೆಯಿದ್ದ ದಿನ ನಿಮ್ಮ ಮಾತೇ ಸರಿಯಾಗುತ್ತದೆ. ಅಂಥ ತಾಣಗಳು ಇಲ್ಲವೆಂದು ನಾನು ಹೇಳುವುದಿಲ್ಲ. ಆದ್ದರಿಂದ ಯಾವುದನ್ನೂ ಕಣ್ಣು ಮುಚ್ಚಿ ಆರಿಸದೆ, ಪ್ರತಿ ಸಲವೂ ಆ ಒಂದು ಭಾಗಾಕಾರವನ್ನು ಮಾಡಿ ನೋಡಬೇಕು.

ಪೇಪಾಲ್ ಮೂಲಕ ಕಟ್ಟುವವರಿಗೆ ಇನ್ನೊಂದು ಎಚ್ಚರಿಕೆ. ಮಾರಾಟಗಾರರ ಇನ್‌ವಾಯ್ಸ್ ಡಾಲರಿನಲ್ಲಿದ್ದರೂ, ಕಾರ್ಡಿನ ಕರೆನ್ಸಿ ಬೇರೆಯಾಗಿದ್ದರೆ ಪೇಪಾಲ್ ತಾನೇ ಪರಿವರ್ತಿಸಿ, ತನ್ನ ದರದ ಮೊತ್ತವನ್ನು ಮುಂದಿಡುವುದು ಸಾಮಾನ್ಯ. ಅದರ ದರವೂ ಕಾರ್ಡ್ ಜಾಲದ ದರಕ್ಕಿಂತ ದುಬಾರಿ. ದೃಢೀಕರಿಸುವ ಮೊದಲು ಮೊತ್ತದ ಹತ್ತಿರ ಪರಿವರ್ತನೆಯ ಆಯ್ಕೆ ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ತೆರೆದು, ಪರಿವರ್ತನೆಯನ್ನು ಕಾರ್ಡ್ ಕೊಟ್ಟ ಬ್ಯಾಂಕಿಗೇ ಬಿಡಿ. ಎಲ್ಲ ದೇಶಗಳ ಖಾತೆಗಳಲ್ಲೂ ಈ ಆಯ್ಕೆ ಕಾಣುವುದಿಲ್ಲ.

ಹಿಂದಿರುಗಿಸುವ ಸಾಧ್ಯತೆಯನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಾರಾಟಗಾರರು 400 ಡಾಲರನ್ನು ಪೂರ್ತಿ ಮರಳಿಸಿದರೂ, ಅದು ಮರಳಿಸಿದ ದಿನದ ದರದಲ್ಲಿ ಪರಿವರ್ತನೆಯಾಗುತ್ತದೆ. ಅಷ್ಟರಲ್ಲಿ ದರ 9.70ಕ್ಕೆ ಇಳಿದಿದ್ದರೆ ನಿಮಗೆ ಬರುವುದು 3,880. ಮೊದಲು ಕತ್ತರಿಸಿದ ಮಾರ್ಕಪ್ಪನ್ನು ಅನೇಕ ಬ್ಯಾಂಕುಗಳು ಹಿಂದಿರುಗಿಸುವುದಿಲ್ಲ. 4,080 ಕೊಟ್ಟು 3,880 ಪಡೆದಾಗ ಮಾರಾಟಗಾರರು ಮೋಸ ಮಾಡಿದರೆಂದು ದೂರುವವರನ್ನು ನೋಡಿದ್ದೇನೆ. ಅಲ್ಲಿ ಮೋಸವೇನೂ ಇರುವುದಿಲ್ಲ.

ದೂರದೀಪ

ಎರಡನೆಯ ಪ್ರಶ್ನೆಗೆ ನನ್ನ ಪ್ರಕರಣವನ್ನೇ ಹೇಳುತ್ತೇನೆ. ನಾನು ಇದೇ ರೀತಿ ಫಾರ್ವರ್ಡಿಂಗ್ ಮೂಲಕ ಒಂದು ಫ್ಲ್ಯಾಶ್ ತರಿಸಿದ್ದೆ. ಗೋದಾಮಿನವರು ಪಾರ್ಸೆಲ್ ತಲುಪಿದ ದಿನವೇ ಫೋಟೋ ಹಾಕಿದ್ದರು, ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆ ಸರಿಯಾಗಿಯೇ ಇತ್ತು. ಮನೆಗೆ ಬಂದು ತೆರೆದಾಗ ಒಳಗೆ ಇದ್ದದ್ದು ಹಳೆಯ, ಕಡಿಮೆ ಬೆಲೆಯ ಮಾದರಿ. ಮಾರಾಟಗಾರರು, ತಾವು ಸರಿಯಾದದ್ದನ್ನೇ ಕಳುಹಿಸಿದ್ದೇವೆ, ಗೋದಾಮಿನಲ್ಲಿ ಬದಲಾಗಿರಬಹುದು ಎಂದರು. ಗೋದಾಮಿನವರು, ತಾವು ಪೆಟ್ಟಿಗೆಯನ್ನು ತೆರೆಯಲೇ ಇಲ್ಲ ಎಂದರು. ತಾಣವು, ಒಪ್ಪಿದ ವಿಳಾಸಕ್ಕೆ ವಿತರಣೆಯಾಗಿದೆ, ಅಲ್ಲಿಂದ ಮುಂದಕ್ಕೆ ತಮ್ಮ ಹೊಣೆಯಿಲ್ಲ ಎಂದು ದೂರನ್ನು ಮುಚ್ಚಿತು. ಮೂವರ ಮಾತಿನಲ್ಲೂ ಸುಳ್ಳೆಂದು ಹೇಳಬಹುದಾದದ್ದು ಏನೂ ಇರಲಿಲ್ಲ ಎಂಬುದೇ ಬೇಸರದ ಸಂಗತಿ.

ಜಮಾಖರ್ಚು

ಗೋದಾಮಿನ ಬಾಗಿಲಲ್ಲಿ ರಕ್ಷಣೆಯ ಸರಪಳಿ ಕಡಿಯುವುದು ಹೀಗೆಯೇ. ಇಬೇಯಲ್ಲಂತೂ ನಿಯಮವೇ ಹಾಗಿದೆ. ಆದೇಶದಲ್ಲಿ ಬರೆದ ವಿಳಾಸಕ್ಕೆ ತಲುಪಿದ ವಸ್ತುವನ್ನು ಖರೀದಿದಾರರು ಬೇರೆ ವಿಳಾಸಕ್ಕೆ ಮುಂದೆ ಕಳುಹಿಸಿದರೆ, ಅದಕ್ಕೆ ಹಣ ವಾಪಸಾತಿಯ ಭರವಸೆ ಅನ್ವಯಿಸುವುದಿಲ್ಲ. ಪೇಪಾಲಿನಲ್ಲಿ ಪಾವತಿಯ ದಿನದಿಂದ 180 ದಿನ, ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕ ಹಣ ವಾಪಸು ಕೇಳುವ ಚಾರ್ಜ್‌ಬ್ಯಾಕಿಗೆ ಸಾಮಾನ್ಯವಾಗಿ 120 ದಿನ ಕಾಲಾವಕಾಶವಿದೆ ಎಂದು ಜನ ನೆಮ್ಮದಿಯಿಂದಿರುತ್ತಾರೆ. ಆದರೆ "ವಸ್ತು ಬಂದಿಲ್ಲ" ಎಂಬ ದೂರಿಗೆ ಮಾರಾಟಗಾರರು ಗೋದಾಮಿನ ವಿತರಣೆಯ ದಾಖಲೆಯನ್ನು ತೋರಿಸಿದರೆ ಸಾಕು, ಅದು ಬಂದಂತೆಯೇ ಲೆಕ್ಕ. ಗೋದಾಮಿನಿಂದ ನಿಮ್ಮ ಮನೆಯವರೆಗಿನ ದಾರಿ ಬೇರೊಂದು ಒಪ್ಪಂದ, ಅದರ ಹಣವನ್ನೂ ನೀವು ಬೇರೆಯಾಗಿ, ಬೇರೊಬ್ಬ ವ್ಯಾಪಾರಿಗೆ ಕಟ್ಟಿರುತ್ತೀರಿ.

ಹೀಗಿರುವುದರಿಂದ, ಪರಿಶೀಲನೆ ನಡೆಯಬೇಕಾದದ್ದು ವಸ್ತು ಗೋದಾಮಿನಲ್ಲಿ ಇರುವಾಗ. ಹೆಚ್ಚಿನ ಸೇವೆಗಳು ಕೆಲವು ಡಾಲರ್ ಪಡೆದು ಪೆಟ್ಟಿಗೆ ತೆರೆದು ಒಳಗಿನ ವಸ್ತುವಿನ ಫೋಟೋ ತೆಗೆದುಕೊಡುತ್ತವೆ. ಹೊರಗಿನ ಪೆಟ್ಟಿಗೆಯ ಉಚಿತ ಫೋಟೋದಿಂದ ಏನೂ ಸಾಬೀತಾಗುವುದಿಲ್ಲ, ದೂರದೀಪ ಅವರ ಪ್ರಕರಣದಲ್ಲಿ ಅದೇ ಆಯಿತು. ಲೆನ್ಸಿಗೆ ನಾನಾದರೆ ನಾಲ್ಕು ಫೋಟೋ ಕೇಳುತ್ತೇನೆ: ಸರಣಿ ಸಂಖ್ಯೆ, ಮುಂದಿನ ಗಾಜು, ಹಿಂದಿನ ಗಾಜು, ಕ್ಯಾಮೆರಾಕ್ಕೆ ಜೋಡಿಸುವ ಲೋಹದ ಉಂಗುರ. ಸರಣಿ ಸಂಖ್ಯೆಯು ಮಾರಾಟದ ಪುಟದಲ್ಲಿದ್ದ ಚಿತ್ರದೊಂದಿಗೆ ತಾಳೆಯಾಗದಿದ್ದರೆ ಅಲ್ಲಿಯೇ ನಿಲ್ಲಿಸಿ, ಗೋದಾಮಿನಿಂದಲೇ ಮಾರಾಟಗಾರರಿಗೆ ಹಿಂದಿರುಗಿಸಲು ಹೇಳಿ. ಆಗ ವಸ್ತು ಒಪ್ಪಿದ ವಿಳಾಸದಲ್ಲಿಯೇ ಇರುವುದರಿಂದ ನಿಮ್ಮ ದೂರಿಗೆ ಬಲವಿರುತ್ತದೆ. ಉಚಿತವಾಗಿ ಇಟ್ಟುಕೊಳ್ಳುವ ಅವಧಿ ಮತ್ತು ಮಾರಾಟಗಾರರ ಹಿಂದಿರುಗಿಸುವ ಗಡುವು ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೆ ಎಂಬುದನ್ನು ಖರೀದಿಗೆ ಮೊದಲೇ ನೋಡಿಕೊಳ್ಳಿ.

ನೀಲಿಶಾಯಿ

ಈ ವಿವರಕ್ಕೆ ಧನ್ಯವಾದಗಳು ಸರ್. ಇನ್ನೊಂದು ವಿಷಯ. ಬಿಲ್ಲಿಂಗ್ ವಿಳಾಸದ ಜಾಗದಲ್ಲಿಯೂ ಒರೆಗಾನ್ ವಿಳಾಸವನ್ನೇ ಹಾಕಬೇಕೆಂದು ಒಬ್ಬ ಸ್ನೇಹಿತರು ಹೇಳುತ್ತಿದ್ದಾರೆ, ಇಲ್ಲವಾದರೆ ಆದೇಶ ರದ್ದಾಗುತ್ತದಂತೆ. ಅಲ್ಲದೆ ಫಾರ್ವರ್ಡಿಂಗ್ ಸೇವೆಯವರು ಗುರುತಿನ ಚೀಟಿಯ ಪ್ರತಿಯನ್ನು ಕೇಳುತ್ತಿದ್ದಾರೆ. ಅದು ಸಹಜವೇ?

ಕಾಗದದ ದೋಣಿ

ಕ್ಷಮಿಸಿ, ಮಧ್ಯದಲ್ಲಿ ಕೇಳುತ್ತಿದ್ದೇನೆ. ನನಗೂ ಇಂಥ ಒಂದು ಸೇವೆಯಿಂದ ಸಂದೇಶ ಬಂದಿದೆ. ಮನೆಗೆ ಬರುವ ಪಾರ್ಸೆಲ್‌ಗಳ ಮೇಲೆ ಹೊಸ ಲೇಬಲ್ ಅಂಟಿಸಿ ವಿದೇಶಕ್ಕೆ ಕಳುಹಿಸಿದರೆ ಪ್ರತಿ ಪಾರ್ಸೆಲ್‌ಗೆ ಕಮಿಷನ್ ಕೊಡುತ್ತಾರಂತೆ. ನೀವೆಲ್ಲ ಬಳಸುತ್ತಿರುವುದು ಇದೇ ಸೇವೆಯೇ?

ಜಮಾಖರ್ಚು

ಕಾಗದದ ದೋಣಿ ಅವರೇ, ದಯವಿಟ್ಟು ಅದಕ್ಕೆ ಒಪ್ಪಬೇಡಿ. ಕದ್ದ ಕಾರ್ಡುಗಳಿಂದ ಕೊಂಡ ವಸ್ತುಗಳನ್ನು ಅಮಾಯಕರ ಮನೆಯ ಮೂಲಕ ಸಾಗಿಸುವ ವಂಚನೆ ಅದು. ಪೊಲೀಸರಿಗೆ ಸಿಗುವ ವಿಳಾಸ ನಿಮ್ಮದಾಗಿರುತ್ತದೆ, ಕಮಿಷನ್ ಸಾಮಾನ್ಯವಾಗಿ ಕೈಗೆ ಬರುವುದೇ ಇಲ್ಲ. ನಾವು ಚರ್ಚಿಸುತ್ತಿರುವುದು ನಮ್ಮ ಖರೀದಿಗೆ ನಾವೇ ಹಣ ಕೊಟ್ಟು ಬಳಸುವ ಗೋದಾಮು.

ನೀಲಿಶಾಯಿ ಅವರಿಗೆ: ಬಿಲ್ಲಿಂಗ್ ವಿಳಾಸ ಎಂದರೆ ಬ್ಯಾಂಕಿನ ದಾಖಲೆಯಲ್ಲಿ ಇರುವ ನಿಮ್ಮ ವಿಳಾಸ, ಅದನ್ನೇ ಬರೆಯಬೇಕು. ಅಮೆರಿಕದ ವ್ಯಾಪಾರಿಗಳು ಮನೆಯ ಸಂಖ್ಯೆ ಮತ್ತು ಅಂಚೆ ಸಂಖ್ಯೆಗಳನ್ನು ಬ್ಯಾಂಕಿನ ದಾಖಲೆಯೊಂದಿಗೆ ತಾಳೆ ನೋಡುವ ವ್ಯವಸ್ಥೆಯನ್ನು ಬಳಸುತ್ತಾರೆ. ಬೇರೆ ದೇಶಗಳ ಅನೇಕ ಬ್ಯಾಂಕುಗಳು ಆ ವ್ಯವಸ್ಥೆಯಲ್ಲಿ ಇಲ್ಲದಿರುವುದರಿಂದ "ಪರಿಶೀಲಿಸಲಾಗಲಿಲ್ಲ" ಎಂಬ ಉತ್ತರ ಹೋಗುತ್ತದೆ. ಕೆಲವು ವ್ಯಾಪಾರಿಗಳು ಅದನ್ನು ಒಪ್ಪುತ್ತಾರೆ, ಕೆಲವರು ರದ್ದು ಮಾಡುತ್ತಾರೆ. ಸುಳ್ಳು ಬಿಲ್ಲಿಂಗ್ ವಿಳಾಸ ಕೊಟ್ಟು ನುಸುಳಲು ಹೋದರೆ ಕದ್ದ ಕಾರ್ಡಿನ ಲಕ್ಷಣವೇ ನಿಮ್ಮ ಆದೇಶಕ್ಕೂ ಅಂಟುತ್ತದೆ. ರದ್ದಾದರೆ ಕೂಡಲೇ ಮತ್ತೆ ಮತ್ತೆ ಪ್ರಯತ್ನಿಸಬೇಡಿ. ಪ್ರತಿ ಪ್ರಯತ್ನಕ್ಕೂ ಬ್ಯಾಂಕು ಆ ಮೊತ್ತವನ್ನು ಬೇರೆ ಬೇರೆಯಾಗಿ ತಡೆಹಿಡಿಯುತ್ತದೆ, ಅದು ಬಿಡುಗಡೆಯಾಗಲು ದಿನಗಳೇ ಹಿಡಿಯಬಹುದು ಮತ್ತು ಅಷ್ಟರಲ್ಲಿ ಕಾರ್ಡಿನ ಮಿತಿಯೇ ಮುಗಿದಿರುತ್ತದೆ.

ಗುರುತಿನ ಚೀಟಿ ಕೇಳುವುದು ಸಹಜ. ಇನ್ನೊಬ್ಬರ ಹೆಸರಿನ ಅಂಚೆಯನ್ನು ಸ್ವೀಕರಿಸುವ ಸಂಸ್ಥೆಗಳು ಅಮೆರಿಕದ ಅಂಚೆ ಇಲಾಖೆಯ 1583 ಸಂಖ್ಯೆಯ ನಮೂನೆಯನ್ನು ಗ್ರಾಹಕರಿಂದ ತುಂಬಿಸಿಕೊಳ್ಳಬೇಕು. ಆದರೆ ಅದನ್ನು ಖಾತೆಯೊಳಗೆ ಪ್ರವೇಶಿಸಿಯೇ ಸಲ್ಲಿಸಿ, ಇಮೇಲಿನಲ್ಲಿ ಬಂದ ಕೊಂಡಿಯ ಮೂಲಕ ಬೇಡ. ಶಿಪ್ಪಿಂಗ್ ವಿಳಾಸದಲ್ಲಿ ನಿಮಗೆ ಕೊಟ್ಟಿರುವ ಸೂಟ್ ಸಂಖ್ಯೆಯನ್ನು ಬಿಡಬೇಡಿ. ಗೋದಾಮಿನ ಗ್ರಾಹಕರೆಲ್ಲರಿಗೂ ಬೀದಿಯ ವಿಳಾಸ ಒಂದೇ, ನಿಮ್ಮ ಪಾರ್ಸೆಲ್ಲನ್ನು ಗುರುತಿಸುವುದು ಆ ಸಂಖ್ಯೆ ಮಾತ್ರ.

ಬೆಳ್ಳಿಚುಕ್ಕಿ

ಒಂದು ಉಪಾಯ ಹೇಳುತ್ತೇನೆ. ಫಾರ್ವರ್ಡಿಂಗ್ ಸೇವೆಯಲ್ಲಿ ಕಸ್ಟಮ್ಸ್ ಮೌಲ್ಯವನ್ನು ನಾವೇ ಬರೆಯುವುದರಿಂದ "ಉಡುಗೊರೆ, 40 ಡಾಲರ್" ಎಂದು ಬರೆದರೆ ಸುಂಕ ಉಳಿಯುತ್ತದೆ. ಬಳಸಿದ ವಸ್ತುವಿನ ಬೆಲೆ ಎಷ್ಟೆಂದು ಯಾರಿಗೆ ಗೊತ್ತಾಗುತ್ತದೆ?

ದೂರದೀಪ

ಲೆನ್ಸಿನ ಹೆಸರನ್ನು ಹುಡುಕಿದರೆ ಯಾರಿಗಾದರೂ ಗೊತ್ತಾಗುತ್ತದೆ, ಕಸ್ಟಮ್ಸ್ ಅಧಿಕಾರಿಗೂ ಗೊತ್ತಾಗುತ್ತದೆ. ಕಾನೂನಿನ ಮಾತು ಹಾಗಿರಲಿ, ದಾರಿಯಲ್ಲಿ ಪಾರ್ಸೆಲ್ ಕಳೆದರೆ ವಿಮೆ ಕೊಡುವುದು ಘೋಷಿಸಿದ ಮೌಲ್ಯದವರೆಗೆ ಮಾತ್ರ. ಸುಂಕ ಉಳಿಸಲು ಹೋಗಿ 400 ಡಾಲರಿನ ಲೆನ್ಸಿಗೆ 40 ಡಾಲರ್ ಪರಿಹಾರ ಪಡೆಯಬೇಕಾಗುತ್ತದೆ. ಗೋದಾಮಿನಿಂದಾಚೆಗೆ ನಮಗಿರುವ ಒಂದೇ ರಕ್ಷಣೆ ಆ ವಿಮೆ ಎಂಬುದು ಈಗಷ್ಟೇ ಇಲ್ಲಿ ಸ್ಪಷ್ಟವಾಗಿರುವಾಗ, ಅದನ್ನೂ ನಾವೇ ಕಳೆದುಕೊಳ್ಳುವುದು ಜಾಣತನವಲ್ಲ.

ಬೆಳ್ಳಿಚುಕ್ಕಿ

ನನಗೆ ಇದುವರೆಗೆ ತೊಂದರೆಯಾಗಿಲ್ಲ. ಆದರೆ ವಿಮೆಯ ವಿಷಯ ಯೋಚಿಸಿರಲಿಲ್ಲ, ಅದನ್ನು ಒಪ್ಪುತ್ತೇನೆ.

ಮಂದಾನಿಲ

ಸಾಗಣೆಯ ಖರ್ಚಿನ ಬಗ್ಗೆಯೂ ಹೇಳಬೇಕು. ಲೆನ್ಸ್ ಹಗುರವಾಗಿದ್ದರೂ ಬಿಲ್ ಹಗುರವಾಗಿರುವುದಿಲ್ಲ. ಕೊರಿಯರ್ ಸಂಸ್ಥೆಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ ಮತ್ತು ಆ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತವೆ. ಮಾರಾಟಗಾರರು 40 × 30 × 25 ಅಳತೆಯ ಪೆಟ್ಟಿಗೆಯಲ್ಲಿ ಕಳುಹಿಸಿದರೆ, ತಕ್ಕಡಿಯಲ್ಲಿ ಒಂದೂವರೆ ಕಿಲೋ ಇದ್ದರೂ ಲೆಕ್ಕದಲ್ಲಿ 6 ಕಿಲೋ ಆಗುತ್ತದೆ. ಗೋದಾಮಿನಲ್ಲಿ 25 × 20 × 18ರ ಪೆಟ್ಟಿಗೆಗೆ ಬದಲಿಸಿದರೆ 1.8 ಕಿಲೋಗೆ ಇಳಿಯುತ್ತದೆ. ಪೆಟ್ಟಿಗೆ ಬದಲಿಸುವ ಶುಲ್ಕ ಈ ವ್ಯತ್ಯಾಸದ ಮುಂದೆ ಏನೂ ಅಲ್ಲ.

ಜಮಾಖರ್ಚು

ಈ ವಿಷಯದಲ್ಲಿ ಮಂದಾನಿಲ ಅವರ ಮಾತು ಪೂರ್ತಿ ಸರಿ. ಆದರೆ ಕ್ರಮ ತಪ್ಪಬಾರದು. ಫೋಟೋಗಳನ್ನು ನೋಡಿ, ವಸ್ತು ಸರಿಯಿದೆ ಎಂದು ಖಚಿತವಾದ ಮೇಲೆಯೇ ಪೆಟ್ಟಿಗೆ ಬದಲಿಸಲು ಹೇಳಿ. ಮೂಲ ಪೆಟ್ಟಿಗೆಯನ್ನು ಒಮ್ಮೆ ಎಸೆದರೆ, ಮಾರಾಟಗಾರರು ಹೇಗೆ ಕಟ್ಟಿ ಕಳುಹಿಸಿದ್ದರು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಅಲ್ಲದೆ ಬಹಳ ಬಿಗಿಯಾದ ಪೆಟ್ಟಿಗೆಯಲ್ಲಿ ಗಾಜಿನ ಸುತ್ತ ಮೆತ್ತನೆಯ ಪದರಕ್ಕೆ ಜಾಗವಿರುವುದಿಲ್ಲ.

ದೂರದೀಪ

ವರ್ಚುವಲ್ ಕಾರ್ಡ್ ಬಳಸುವ ಬಗ್ಗೆ ಯಾರೂ ಹೇಳಲಿಲ್ಲ. ಒಂದೇ ಖರೀದಿಗೆ ಸಂಖ್ಯೆ ಸೃಷ್ಟಿಸಿ, ಮಿತಿ ಹಾಕಿ, ಮುಗಿದ ಮೇಲೆ ಮುಚ್ಚಿಬಿಡುವುದು ನನಗೆ ಎಲ್ಲಕ್ಕಿಂತ ಸುರಕ್ಷಿತವೆನಿಸುತ್ತದೆ.

ಜಮಾಖರ್ಚು

ಸಂಖ್ಯೆ ಕದಿಯುವವರಿಂದ ಅದು ಕಾಪಾಡುತ್ತದೆ, ಬೇರೆ ವಸ್ತು ಕಳುಹಿಸುವ ಮಾರಾಟಗಾರರಿಂದ ಕಾಪಾಡುವುದಿಲ್ಲ. ಮುಚ್ಚಿದ ಕಾರ್ಡಿಗೆ ಹಣ ಮರಳಿದಾಗ ಹೆಚ್ಚಿನ ಬ್ಯಾಂಕುಗಳು ಮೂಲ ಖಾತೆಗೆ ಜಮಾ ಮಾಡುತ್ತವೆಯಾದರೂ ತಡವಾಗುವುದುಂಟು. ಹಾಗಾಗಿ ಹಿಂದಿರುಗಿಸುವ ಗಡುವು ಮುಗಿಯುವವರೆಗೆ ಮುಚ್ಚಬೇಡಿ. ಮಿತಿಯನ್ನು ಸರಿಯಾಗಿ 4,000ಕ್ಕೆ ಇಟ್ಟರೆ ಶೇ. 2ರ ಮಾರ್ಕಪ್ ಸೇರಿದೊಡನೆ ವಹಿವಾಟು ತಿರಸ್ಕೃತವಾಗಬಹುದು, ಸ್ವಲ್ಪ ಮೇಲೆ ಇಡಿ.

ದೂರದೀಪ

ನನ್ನ ಬ್ಯಾಂಕಿನಲ್ಲಿ ಸಂಖ್ಯೆ ಮೊದಲ ವಹಿವಾಟಿನ ನಂತರ ತಾನಾಗಿಯೇ ಮುಚ್ಚಿಹೋಗುತ್ತದೆ. ಆದರೂ ನಾನು ಅದನ್ನೇ ಬಳಸುತ್ತೇನೆ. ಮರಳುವ ಹಣ ತಡವಾಗುವುದನ್ನು ತಾಳಬಹುದು, ನಿಜವಾದ ಕಾರ್ಡಿನ ಸಂಖ್ಯೆ ಎಲ್ಲೆಲ್ಲೋ ಉಳಿಯುವುದನ್ನು ತಾಳಲಾರೆ.

ನೀಲಿಶಾಯಿ

ಹೊಸ ಬೆಳವಣಿಗೆಯೊಂದಿದೆ. ನಾನು ಸರಣಿ ಸಂಖ್ಯೆಯ ಚಿತ್ರ ಕೇಳಿ ಮಾರಾಟಗಾರರಿಗೆ ತಾಣದ ಮೂಲಕ ಬರೆದಿದ್ದೆ. ಅವರು ಚಿತ್ರ ಕಳುಹಿಸಿದ್ದಾರೆ, ಜೊತೆಗೆ ತಾಣದ ಹೊರಗೆ, ಪೇಪಾಲಿನಲ್ಲಿ ಸ್ನೇಹಿತರಿಗೆ ಕಳುಹಿಸುವ ವಿಧಾನದಲ್ಲಿ ಹಣ ಕಟ್ಟಿದರೆ 360 ಡಾಲರಿಗೆ ಕೊಡುವುದಾಗಿಯೂ ಹೇಳಿದ್ದಾರೆ. ತಾಣದ ಕಮಿಷನ್ ಉಳಿಯುತ್ತದೆ ಎಂಬುದು ಅವರು ಕೊಡುವ ಕಾರಣ.

ಜಮಾಖರ್ಚು

ಬೇಡ. ಆ ವಿಧಾನದ ಪಾವತಿಗೆ ಖರೀದಿದಾರರ ರಕ್ಷಣೆ ಇರುವುದೇ ಇಲ್ಲ ಮತ್ತು ತಾಣದಲ್ಲಿಯೂ ನಿಮ್ಮ ಖರೀದಿಯ ದಾಖಲೆ ಉಳಿಯುವುದಿಲ್ಲ. ಆ ಮಾರಾಟಗಾರರು ಪ್ರಾಮಾಣಿಕರೇ ಇರಬಹುದು, ಕಮಿಷನ್ ಉಳಿಸಲು ಹೀಗೆ ಕೇಳುವವರು ಇದ್ದಾರೆ. ಆದರೆ ಫಾರ್ವರ್ಡಿಂಗ್ ವಿಳಾಸದಿಂದಾಗಿ ನಿಮ್ಮ ರಕ್ಷಣೆ ಮೊದಲೇ ಅರ್ಧಕ್ಕೆ ಇಳಿದಿದೆ. ಉಳಿದ ಅರ್ಧವನ್ನು 40 ಡಾಲರಿಗೆ ಮಾರಬೇಡಿ.

ಬೆಳ್ಳಿಚುಕ್ಕಿ

ನಾನಾದರೆ ಆ ಮಾರಾಟಗಾರರನ್ನೇ ಬಿಟ್ಟು ಬೇರೆಯವರನ್ನು ಹುಡುಕುತ್ತಿದ್ದೆ.

ನೀಲಿಶಾಯಿ

ಆ ಲೆನ್ಸ್ ಬೇರೆಲ್ಲೂ ಸಿಗುತ್ತಿಲ್ಲ. ತಾಣದ ಮೂಲಕವೇ, ಡಾಲರಿನಲ್ಲಿ ಕಟ್ಟಿದ್ದೇನೆ. ಬ್ಯಾಂಕಿನ ಸಂದೇಶದಲ್ಲಿ ಸದ್ಯಕ್ಕೆ 4,083 ತಡೆಹಿಡಿದಿರುವುದಾಗಿ ಇದೆ, ಲೆಕ್ಕಕ್ಕಿಂತ 3 ಹೆಚ್ಚು. ಬಿಲ್ಲಿಂಗ್ ವಿಳಾಸ ನನ್ನದೇ ಕೊಟ್ಟೆ, ಆದೇಶ ರದ್ದಾಗಲಿಲ್ಲ. ಈಗ ಫಾರ್ವರ್ಡಿಂಗ್ ಸೇವೆಯವರು, ಖಾತೆಯಲ್ಲಿ 100 ಡಾಲರ್ ಮುಂಗಡ ತುಂಬಿಸಿಟ್ಟರೆ ಸಾಗಣೆಯಲ್ಲಿ ರಿಯಾಯಿತಿ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಜಮಾಖರ್ಚು

3ರ ವ್ಯತ್ಯಾಸಕ್ಕೆ ಗಾಬರಿ ಬೇಡ. ತಡೆಹಿಡಿದ ಮೊತ್ತ ತಾತ್ಕಾಲಿಕ, ವ್ಯಾಪಾರಿ ಅಂತಿಮವಾಗಿ ಹಣ ಪಡೆಯುವಾಗ ದರದಲ್ಲಿ ಅಲ್ಪಸ್ವಲ್ಪ ಏರಿಳಿತ ಆಗಬಹುದು. ಮುಂಗಡದ ವಿಷಯದಲ್ಲಿ, ಸಾಗಣೆಯ ಬಿಲ್ ಬಂದ ಮೇಲೆ ಆ ಮೊತ್ತವನ್ನಷ್ಟೇ ಕಾರ್ಡಿನಲ್ಲಿ ಕಟ್ಟುವುದು ನನ್ನ ಪದ್ಧತಿ. ತುಂಬಿಸಿಟ್ಟ ಹಣವನ್ನು ಹಿಂದಕ್ಕೆ ಪಡೆಯುವ ನಿಯಮವನ್ನು ಮೊದಲು ಓದಿ. ಕೆಲವು ಸೇವೆಗಳು ಅದನ್ನು ಮುಂದಿನ ಸಾಗಣೆಗೆ ಮಾತ್ರ ಬಳಸಲು ಬಿಡುತ್ತವೆ.

ಮಂದಾನಿಲ

ನಾನು ಮುಂಗಡ ಇಟ್ಟೇ ಬಳಸುತ್ತೇನೆ, ರಿಯಾಯಿತಿ ನಿಜವಾಗಿಯೂ ಸಿಗುತ್ತದೆ. ಒಂದೇ ಲೆನ್ಸ್ ತರಿಸುವವರಿಗೆ ಅದು ಅಗತ್ಯವಿಲ್ಲ ಎಂಬುದನ್ನು ಮಾತ್ರ ಒಪ್ಪುತ್ತೇನೆ. ಅಂದ ಹಾಗೆ, ಆ ಸೇವೆಯ ಪಾವತಿ ಪುಟದಲ್ಲಿಯೂ ಕರೆನ್ಸಿಯ ಆಯ್ಕೆ ಕೇಳುತ್ತದೆ. ಅಲ್ಲಿಯೂ ಭಾಗಿಸಿ ನೋಡಿ.